ಹೊಸ ಮನೆಯ ನೀರಿನ ಪೈಪ್: ತೊಳೆಯುವುದು, ಪ್ರೆಶರ್ ಟೆಸ್ಟ್, ಕ್ಲೋರಿನ್ ಹಾಕುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು ಸೈಟಿನಲ್ಲಿ, ಫೋನಿನಲ್ಲಿ, ಕಾಗದದಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಮ್ಮೂರ ಸಾಮಾನ್ಯ ಮನೆಯನ್ನೇ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಕೆಳಗೊಂದು ಸಂಪ್, ತಾರಸಿ ಮೇಲೆ 1000 ಲೀಟರ್ ಟ್ಯಾಂಕ್, ಎರಡು ಅಂತಸ್ತು, ಗೋಡೆಯೊಳಗೆ ಬಿಸಿನೀರಿಗೂ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್. ಅಪಾರ್ಟ್‌ಮೆಂಟಿಗೂ ಕ್ರಮ ಇದೇ, ಆದರೆ ಪ್ರೆಶರ್ ಲೆಕ್ಕ ಬೇರೆ ಆಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಟ್ಯಾಂಕ್ ತುಂಬಿಸಿ ಎಲ್ಲ ನಲ್ಲಿ ಬಿಟ್ಟು ನೋಡಿದ್ವಿ, ಎಲ್ಲೂ ಸೋರಿಲ್ಲ. ಇನ್ನೇನು ಟೆಸ್ಟ್ ಬೇಕು?

ನೀವು ನೋಡಿದ್ದು ಟ್ಯಾಂಕಿನ ಪ್ರೆಶರ್ ಅಷ್ಟೇ. ನೀರು 10 ಮೀಟರ್ ಎತ್ತರದಲ್ಲಿ ನಿಂತರೆ ಕೆಳಗೆ ಸಿಗುವ ಒತ್ತಡ ಸುಮಾರು 1 ಕೆಜಿ, ಅಂದರೆ ಒಂದು ಚದರ ಸೆಂಟಿಮೀಟರ್‌ಗೆ ಒಂದು ಕಿಲೋ. ಎರಡು ಅಂತಸ್ತಿನ ಮನೆಯ ನೆಲಮಹಡಿ ನಲ್ಲಿಗೆ ಒಂದು ಕೆಜಿಯೂ ಪೂರ್ತಿ ಬರುವುದಿಲ್ಲ. ಮೇಲಿನ ಬಾತ್‌ರೂಮಿಗೆ ಅದರ ಅರ್ಧವೇ ಬರಬಹುದು.

ಸಿಪಿವಿಸಿ ಪೈಪು ಫಿಟಿಂಗಿನೊಳಗೆ ಬಿಗಿಯಾಗಿ ಕೂರುತ್ತದೆ. ಪ್ಲಂಬರ್ ಒಂದು ಜಾಯಿಂಟಿಗೆ ಅಂಟಿಸುವ ಸಲ್ಯೂಷನ್ ಹಚ್ಚುವುದನ್ನೇ ಮರೆತಿದ್ದರೂ ಅಷ್ಟು ಒತ್ತಡಕ್ಕೆ ಅದು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಆಮೇಲೆ ನೀವು ಪ್ರೆಶರ್ ಪಂಪ್ ಹಾಕಿಸುತ್ತೀರಿ, ಇಲ್ಲವೇ ಗೀಸರಿನ ಬಿಸಿನೀರು ಒಂದು ಚಳಿಗಾಲ ಹರಿಯುತ್ತದೆ. ಆಗ ಅದು ಕಳಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಟೈಲ್ಸ್ ಕೂತು ಎರಡು ವರ್ಷ ಆಗಿರುತ್ತದೆ. 10 ಕೆಜಿ ಟೆಸ್ಟಿನಲ್ಲಾದರೆ ಅಂಥ ಜಾಯಿಂಟ್ ನಿಮ್ಮ ಕಣ್ಣೆದುರೇ ಹಾರಿಹೋಗುತ್ತದೆ. ನಿಮಗೆ ಬೇಕಾಗಿರುವುದೂ ಅದೇ.

ತೊಳೆಯೋದು, ಟೆಸ್ಟ್ ಮಾಡೋದು, ಕ್ಲೋರಿನ್ ಹಾಕೋದು – ಯಾವುದು ಮೊದಲು, ಯಾವುದು ಆಮೇಲೆ?

ಮೊದಲು ಪ್ರೆಶರ್ ಟೆಸ್ಟ್, ಆಮೇಲೆ ತೊಳೆಯುವುದು, ಕೊನೆಗೆ ಕ್ಲೋರಿನ್. ಮೂರನ್ನೂ ಒಂದೇ ದಿನ ಮುಗಿಸುವ ಪ್ಲಾನ್ ಹಾಕಬೇಡಿ.

ಟೆಸ್ಟ್ ನಡೆಯಬೇಕಾದದ್ದು ಗೋಡೆ ಕಟಿಂಗ್ ಹೊಡೆದು ಪೈಪ್ ಕೂರಿಸಿದ ಮೇಲೆ, ಗಾರೆ ಮುಚ್ಚುವ ಮೊದಲು. ಅಲ್ಲಿಂದ ಗೃಹಪ್ರವೇಶಕ್ಕೆ ನಾಲ್ಕೈದು ತಿಂಗಳು ಇರುತ್ತದೆ. ಟೈಲ್ಸ್ ಆಗಬೇಕು, ಪೇಂಟಿಂಗ್ ಆಗಬೇಕು, ನಲ್ಲಿಗಳು ಕೂರಬೇಕು. ಟೆಸ್ಟಿನ ದಿನವೇ ಕ್ಲೋರಿನ್ ಹಾಕಿದರೆ ಅಷ್ಟು ತಿಂಗಳಲ್ಲಿ ಅದರ ಗುಣ ಹೋಗಿ, ನಿಂತ ನೀರಿನಲ್ಲಿ ಲೋಳೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ತೊಳೆಯುವುದು ಮತ್ತು ಕ್ಲೋರಿನ್ ಎರಡನ್ನೂ ಕೊನೆಗಿಟ್ಟುಕೊಳ್ಳಿ. ಜನ ವಾಸಕ್ಕೆ ಬರುವ ಹಿಂದಿನ ವಾರ ಸರಿಯಾದ ಹೊತ್ತು. ಬಾಡಿಗೆದಾರರು ಎರಡು ತಿಂಗಳು ಬಿಟ್ಟು ಬರುತ್ತಾರೆ ಅಂದರೆ ಅವರು ಬರುವ ಹಿಂದಿನ ವಾರ ಮಾಡಿಸಿ. ಹಾಲು ಉಕ್ಕಿಸಿದ ದಿನ ಮುಖ್ಯವಲ್ಲ.

ನಮ್ಮ ಪ್ಲಂಬರ್ "ಸಾರ್, ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ಟೆಸ್ಟ್ ಯಾಕೆ" ಅಂತಾರೆ. ಏನು ಹೇಳ್ಲಿ?

ಜಗಳ ಬೇಡ. ಕೆಲಸ ಒಪ್ಪಿಸುವ ಮೊದಲೇ ರೇಟಿನ ಮಾತುಕತೆಯಲ್ಲಿ ಇದನ್ನು ಸೇರಿಸಿ: "10 ಕೆಜಿ, ಒಂದು ಗಂಟೆ, ನನ್ನ ಎದುರಿಗೆ. ಆಮೇಲೆ ಕೊನೆಯ ಕಂತು." ಕೈಯಿಂದ ಒತ್ತುವ ಹೈಡ್ರೋ ಟೆಸ್ಟ್ ಪಂಪ್ ಬಾಡಿಗೆಗೆ ಸಿಗುತ್ತದೆ. ಅದರ ಬಾಡಿಗೆ ಯಾರದ್ದು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ. ನಾನು ಕಂಡಂತೆ, ಒಳ್ಳೆ ಪ್ಲಂಬರ್‌ಗಳು ಟೆಸ್ಟಿಗೆ ಬೇಜಾರು ಮಾಡಿಕೊಳ್ಳುವುದು ಪಂಪ್ ಬಾಡಿಗೆ ಅವರ ಜೇಬಿನಿಂದ ಹೋಗುತ್ತದೆ ಅನ್ನುವ ಕಾರಣಕ್ಕೇ ಜಾಸ್ತಿ.

## ಪ್ರೆಶರ್ ಟೆಸ್ಟ್

ಟೆಸ್ಟಿಗೆ ಮುಂಚೆ ಲೈನನ್ನ ಹೇಗೆ ರೆಡಿ ಮಾಡ್ಕೋಬೇಕು?

ಕೊನೆಯ ಜಾಯಿಂಟಿಗೆ ಸಲ್ಯೂಷನ್ ಹಚ್ಚಿ 24 ಗಂಟೆ ಆಗಿರಬೇಕು. ಮಳೆಗಾಲದಲ್ಲಿ ನಾನು ಇನ್ನೊಂದು ದಿನ ಬಿಡುತ್ತೇನೆ.

ನಲ್ಲಿ ಬರುವ ಎಲ್ಲ ಪಾಯಿಂಟಿಗೂ ಎಂಡ್ ಪ್ಲಗ್ ಹಾಕಿ. ಗೀಸರ್ ಕೂರುವ ಜಾಗದಲ್ಲಿ ತಣ್ಣೀರು ಪಾಯಿಂಟನ್ನೂ ಬಿಸಿನೀರು ಪಾಯಿಂಟನ್ನೂ ಒಂದು ತುಂಡು ಹೋಸ್ ಪೈಪಿನಿಂದ ಸೇರಿಸಿಬಿಡಿ. ಹೋಸ್ 10 ಕೆಜಿಗಿಂತ ಜಾಸ್ತಿ ತಡೆಯುವಂಥದ್ದಾಗಿರಲಿ. ಹೀಗೆ ಲೂಪ್ ಮಾಡಿದರೆ ಎರಡೂ ಲೈನ್ ಒಂದೇ ಸಲಕ್ಕೆ ಟೆಸ್ಟ್ ಆಗುತ್ತವೆ. ಗೀಸರ್, ಸೋಲಾರ್ ಟ್ಯಾಂಕ್, ಸಾಫ್ಟ್‌ನರ್, ಆರ್‌ಒ, ಪ್ರೆಶರ್ ಪಂಪ್ ಇವು ಯಾವುವೂ ಲೈನಿನಲ್ಲಿ ಇರಬಾರದು. ಸೋಲಾರ್ ಟ್ಯಾಂಕ್ ಅಂತೂ ಒಂದು ಕೆಜಿಗೂ ತಯಾರಿರುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ಬಾಯಿಯನ್ನು ವಾಲ್ವ್ ಮುಚ್ಚಿ ಬಿಡುವುದು ಸಾಲದು. ಅಲ್ಲೂ ಪ್ಲಗ್ ಹಾಕಿ, ಇಲ್ಲದಿದ್ದರೆ ಸೋರುತ್ತಿರುವುದು ವಾಲ್ವೋ ಪೈಪೋ ಗೊತ್ತಾಗುವುದಿಲ್ಲ.

ಪಂಪನ್ನು ಲೈನಿನ ತೀರಾ ಕೆಳಗಿನ ಪಾಯಿಂಟಿಗೆ ಹಚ್ಚಿ. ಅಲ್ಲಿಂದ ನೀರು ನಿಧಾನಕ್ಕೆ ಮೇಲೇರಲಿ. ಮೇಲಿನ ಪ್ಲಗ್‌ಗಳನ್ನು ಸಡಿಲ ಬಿಟ್ಟಿರಿ. ಬುಸ್ ಅನ್ನುವುದು ನಿಂತು ಒಂದೇ ಸಮ ನೀರು ಬಂದಾಗ ಒಂದೊಂದಾಗಿ ಬಿಗಿ ಮಾಡುತ್ತಾ ಹೋಗಿ. ಎಲ್ಲಕ್ಕಿಂತ ಎತ್ತರದ ಪ್ಲಗ್ ಕೊನೆಗೆ.

ಎಷ್ಟು ಪ್ರೆಶರ್, ಎಷ್ಟು ಹೊತ್ತು?

ಸಿಪಿವಿಸಿಗೆ 10 ಕೆಜಿ, ಒಂದು ಗಂಟೆ. ಗೇಜಿನ ಇನ್ನೊಂದು ಸಾಲಿನಲ್ಲಿ ಇದು ಸುಮಾರು 142 ಪಿಎಸ್‌ಐ ಅಂತ ಕಾಣುತ್ತದೆ. ಪೈಪಿಗೆ ಇದೇನೂ ಹೆಚ್ಚಲ್ಲ. ಎಸ್‌ಡಿಆರ್ 11, ಅಂದರೆ ಗೋಡೆಯ ದಪ್ಪ ಹೊರವ್ಯಾಸದ ಹನ್ನೊಂದನೇ ಒಂದು ಭಾಗ ಇರುವ ಸಿಪಿವಿಸಿ, ತಣ್ಣೀರಿನಲ್ಲಿ 400 ಪಿಎಸ್‌ಐ ತಡೆಯುವಂಥದ್ದು. ಆದರೆ 82 ಡಿಗ್ರಿ ಬಿಸಿನೀರಿನಲ್ಲಿ ಅದೇ ಪೈಪಿನ ಶಕ್ತಿ 100 ಪಿಎಸ್‌ಐಗೆ ಇಳಿಯುತ್ತದೆ. ಅದಕ್ಕೇ ತಣ್ಣೀರಿನಲ್ಲಿ ಸಾಕಷ್ಟು ಒತ್ತಿ ನೋಡಬೇಕು.

10 ಕೆಜಿಗೆ ಒಂದೇ ಉಸಿರಿನಲ್ಲಿ ಹೋಗಬೇಡಿ. ಮೊದಲು 3 ಕೆಜಿಗೆ ನಿಲ್ಲಿಸಿ ಮನೆಯೆಲ್ಲ ಒಂದು ಸುತ್ತು ಬನ್ನಿ. ಬಿಗಿ ಮಾಡದೆ ಬಿಟ್ಟ ಪ್ಲಗ್, ಜಾಯಿಂಟೇ ಆಗದ ಪೈಪ್, ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಗೇಜ್ ಮುಳ್ಳು ಸ್ವಲ್ಪ ಇಳೀತು. ಪ್ಲಂಬರ್ "ಅದು ಕಾಮನ್ ಸಾರ್" ಅಂದ್ರು. ನಿಜಾನಾ?

ಅರ್ಧ ನಿಜ. ಎಷ್ಟು ಇಳಿಯಿತು ಅನ್ನುವುದಕ್ಕಿಂತ ಹೇಗೆ ಇಳಿಯಿತು ಅನ್ನುವುದನ್ನು ನೋಡಿ.

ಪ್ಲಾಸ್ಟಿಕ್ ಪೈಪು ಒತ್ತಡಕ್ಕೆ ಒಂಚೂರು ಹಿಗ್ಗುತ್ತದೆ. ಅದರಿಂದ ಮೊದಲ ಹತ್ತು–ಇಪ್ಪತ್ತು ನಿಮಿಷ ಮುಳ್ಳು ಸ್ವಲ್ಪ ಇಳಿದು, ಆಮೇಲೆ ನಿಂತುಬಿಡುತ್ತದೆ. ಮತ್ತೆ 10ಕ್ಕೆ ಏರಿಸಿ, ಅಲ್ಲಿಂದ ಒಂದು ಗಂಟೆಯ ಲೆಕ್ಕ ಶುರು ಮಾಡಿ. ಸೋರಿಕೆಯ ಇಳಿತ ಹಾಗಲ್ಲ, ಅದು ನಿಲ್ಲುವುದೇ ಇಲ್ಲ. ಅದಕ್ಕೇ ಒಂದು ಗಂಟೆಯ ಕೊನೆಯಲ್ಲಿ ಮಾತ್ರ ನೋಡಬೇಡಿ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. 10, 9.8, 9.8, 9.8 ಬಂದರೆ ನನಗೆ ಚಿಂತೆಯಿಲ್ಲ. 10, 9.8, 9.6, 9.4 ಬಂದರೆ ಎಲ್ಲೋ ನೀರು ಹೋಗುತ್ತಿದೆ, ಅಥವಾ ಪಂಪಿನ ವಾಲ್ವೇ ಹಿಂದಕ್ಕೆ ಬಿಡುತ್ತಿದೆ. ಪಂಪಿನ ಮುಂದೆ ಒಂದು ಬಾಲ್ ವಾಲ್ವ್ ಇಟ್ಟು, ಅದರ ಆಚೆಗೆ ಗೇಜ್ ಕೂರಿಸಿದರೆ ಪಂಪಿನ ಮೇಲಿನ ಅನುಮಾನ ಮುಗಿಯಿತು.

ಬಿಸಿಲೂ ಆಟ ಆಡಿಸುತ್ತದೆ. ತಾರಸಿ ಮೇಲೆ ಬಿಚ್ಚು ಪೈಪ್ ಇದ್ದರೆ, ಬಿಸಿಲೇರಿದ ಹಾಗೆ ಮುಳ್ಳೂ ಏರುತ್ತದೆ, ಮೋಡ ಮುಸುಕಿದರೆ ಇಳಿಯುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಟೆಸ್ಟ್ ಮುಗಿಸಿಕೊಳ್ಳುವುದು ಒಳ್ಳೆಯದು.

ಪೈಪಲ್ಲಿ ಗಾಳಿ ಉಳಿದ್ರೆ ಏನಾಗುತ್ತೆ?

ಸಣ್ಣ ಸೋರಿಕೆ ಬಚ್ಚಿಟ್ಟುಕೊಳ್ಳುತ್ತದೆ. ನೀರು ಕುಗ್ಗುವುದಿಲ್ಲ. ಲೈನು ಪೂರ್ತಿ ನೀರಿನಿಂದ ತುಂಬಿದ್ದರೆ ಒಂದಷ್ಟು ಹನಿ ಹೊರಹೋದರೂ ಮುಳ್ಳು ತಟಕ್ಕನೆ ಬೀಳುತ್ತದೆ. ಗಾಳಿ ಹಾಗಲ್ಲ, ಸ್ಪ್ರಿಂಗಿನ ಹಾಗೆ. ಒಂದು ಲೀಟರ್ ಗಾಳಿ 10 ಕೆಜಿಯಲ್ಲಿ ಸುಮಾರು 90 ಮಿ.ಲೀ.ಗೆ ಕುಗ್ಗಿ ಕೂತಿರುತ್ತದೆ. ನೀರು ಸೋರಿದ ಹಾಗೆ ಅದು ಹಿಗ್ಗಿ ಪ್ರೆಶರ್ ಹಿಡಿದುಕೊಂಡೇ ಇರುತ್ತದೆ. ಗೇಜ್ ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ.

ಗೊತ್ತು ಮಾಡಿಕೊಳ್ಳುವುದು ಸುಲಭ. ಲೈನ್ ತುಂಬಿದ್ದರೆ ಪಂಪಿನ ಹಿಡಿಯನ್ನು ಕೆಲವೇ ಸಲ ಒತ್ತಿದರೆ ಮುಳ್ಳು ನೆಗೆಯುತ್ತದೆ, ಕೈಗೂ ಗಟ್ಟಿ ಅನ್ನಿಸುತ್ತದೆ. ಒತ್ತಿದಷ್ಟೂ ಮೆತ್ತಗೆ ಹೋಗುತ್ತಿದ್ದರೆ ಒಳಗೆ ಗಾಳಿ ಇದೆ. ಪ್ರೆಶರ್ ಇಳಿಸಿ, ಮೇಲಿನ ಪ್ಲಗ್ ಸಡಿಲಿಸಿ ಇನ್ನೊಮ್ಮೆ ಗಾಳಿ ಬಿಡಿ.

ನೀರಿಲ್ಲ, ಕಂಪ್ರೆಸರ್ ಇದೆ. ಗಾಳಿಯಲ್ಲೇ ಟೆಸ್ಟ್ ಮಾಡಬಹುದಾ?

ಸಿಪಿವಿಸಿ, ಪಿವಿಸಿಗೆ ಖಂಡಿತ ಬೇಡ. ನೀರಿನ ಟೆಸ್ಟಿನಲ್ಲಿ ಜಾಯಿಂಟ್ ಬಿಟ್ಟರೆ ಒಂದು ಚಿಮ್ಮು ಬಂದು ಪ್ರೆಶರ್ ಸೊನ್ನೆಯಾಗುತ್ತದೆ. ಕುಗ್ಗಿದ ಗಾಳಿ ಪೈಪನ್ನು ಒಡೆದು ಚೂರುಗಳನ್ನು ಗುಂಡಿನ ಹಾಗೆ ಹಾರಿಸುತ್ತದೆ. ಟ್ಯಾಂಕರ್ ತರಿಸಿ. ಪೈಪಿಗೆ ಬೇಕಾಗುವುದು ಎರಡು ಬಕೆಟ್ ನೀರು ಅಷ್ಟೇ.

ಮುಳ್ಳು ಇಳೀತಾನೇ ಇದೆ, ಎಲ್ಲೂ ಒದ್ದೆ ಕಾಣ್ತಿಲ್ಲ. ಹುಡುಕೋದು ಹೇಗೆ?

ಮೈಸೂರಿನ ಹೊರವಲಯದಲ್ಲಿ ನಾನೇ ನೋಡಿಕೊಂಡ ಒಂದು ಮನೆಯ ಕತೆ ಹೇಳುತ್ತೇನೆ. ಬೆಳಿಗ್ಗೆ 7.30ಕ್ಕೆ 10 ಕೆಜಿ. 8ಕ್ಕೆ 9.2, 8.30ಕ್ಕೆ 8.5, 9ಕ್ಕೆ 7.9. ಎರಡೂ ಮಹಡಿ ಸುತ್ತಿದರೂ ಎಲ್ಲೂ ಒಂದು ಹನಿ ಇಲ್ಲ. ಇಟ್ಟಿಗೆ ಗೋಡೆ ಸಣ್ಣ ಸೋರಿಕೆಯನ್ನು ಕುಡಿದುಬಿಡುತ್ತದೆ, ಒದ್ದೆ ಹೊರಗೆ ಬರುವುದೇ ಇಲ್ಲ.

ಲೈನನ್ನು ಅರ್ಧ ಮಾಡಿದೆವು. ಮೇಲಿನ ಮಹಡಿಯ ಬಾಲ್ ವಾಲ್ವ್ ಮುಚ್ಚಿ ಕೆಳಗಿನದ್ದಕ್ಕೆ ಮಾತ್ರ 10 ಕೆಜಿ ಕೊಟ್ಟರೆ ಅರ್ಧ ಗಂಟೆ ಕದಲಲಿಲ್ಲ. ಹಾಗಾದರೆ ತೊಂದರೆ ಮೇಲೆ. ಅಲ್ಲಿ ಎರಡು ಬಾತ್‌ರೂಮ್. ಗೀಸರ್ ಪಾಯಿಂಟಿನ ಲೂಪ್ ಬಿಚ್ಚಿ ಪ್ಲಗ್ ಹಾಕಿ ನೋಡಿದಾಗ ಬಿಸಿನೀರು ಲೈನು ನಿಂತಿತು, ತಣ್ಣೀರು ಲೈನು ಇಳಿಯಿತು. ಇನ್ನುಳಿದದ್ದು ಒಂಬತ್ತು ಜಾಯಿಂಟ್. ಪ್ರತಿಯೊಂದನ್ನೂ ಬಟ್ಟೆಯಿಂದ ಒರೆಸಿ, ಒಣ ಟಿಶ್ಯೂ ಪೇಪರ್ ಸುತ್ತಿ, ಮತ್ತೆ 10 ಕೆಜಿ ಕೊಟ್ಟು ಚಹಾ ಕುಡಿದು ಬಂದೆವು. ಷವರ್ ಪಾಯಿಂಟಿನ ಹಿತ್ತಾಳೆ ಎಲ್ಬೋಗೆ ಸುತ್ತಿದ ಕಾಗದ ಒಂದು ಗೆರೆಯಷ್ಟು ತೇವ ಆಗಿತ್ತು.

ಪ್ಲಗ್ಗೇ ಸೋರುತ್ತಿದೆ ಅಂದುಕೊಂಡು ಹುಡುಗ ಟೆಫ್ಲಾನ್ ಟೇಪ್ ಇನ್ನಷ್ಟು ಸುತ್ತಿ ರೆಂಚಿನಲ್ಲಿ ಬಿಗಿದ. ಜಾಸ್ತಿ ಸೋರಿತು. ಟಾರ್ಚ್ ಹಿಡಿದು ನೋಡಿದರೆ ಹಿತ್ತಾಳೆಯ ಸುತ್ತ ಇರುವ ಪ್ಲಾಸ್ಟಿಕ್ಕಿನಲ್ಲೇ ಕೂದಲೆಳೆಯಷ್ಟು ಸೀಳು. ಮೊದಲ ದಿನವೇ ಪ್ಲಗ್ ಅತಿಯಾಗಿ ಬಿಗಿದು ಬಂದ ಬಿರುಕು ಅದು. ಟೇಪ್ ಜಾಸ್ತಿ ಸುತ್ತಿದಷ್ಟೂ ಬಿರುಕು ದೊಡ್ಡದಾಗುತ್ತದೆ. ಎಲ್ಬೋ ಕತ್ತರಿಸಿ ಹೊಸದು ಹಾಕಿ, 24 ಗಂಟೆ ಬಿಟ್ಟು ಇಡೀ ಮನೆಗೆ ಮತ್ತೆ ಟೆಸ್ಟ್ ಮಾಡಿದೆವು. ಆ ದಿನ 10ರಿಂದ 9.8ಕ್ಕೆ ಇಳಿದು ಅಲ್ಲೇ ನಿಂತಿತು.

ರಿಪೇರಿ ಆದ ಜಾಯಿಂಟನ್ನು ಮಾತ್ರ ನೋಡಿ ಬಿಡಬೇಡಿ. ಒಂದು ಸೋರಿಕೆ ಇರುವಾಗ ಇನ್ನೊಂದು ಕಾಣುವುದಿಲ್ಲ.

ಟೆಸ್ಟ್ ಆದ ಮೇಲೆ ಪ್ರೆಶರ್ ಇಳಿಸಿಬಿಡಬೇಕಾ?

ನಾನು 3–4 ಕೆಜಿಗೆ ಇಳಿಸಿ, ಗೇಜ್ ಹಾಗೇ ಬಿಟ್ಟು ಗಾರೆ, ಟೈಲ್ಸ್ ಕೆಲಸ ನಡೆಸುತ್ತೇನೆ. ಗಾರೆಯವರ ಮೊಳೆಯೋ ಎಲೆಕ್ಟ್ರಿಷಿಯನ್ ಡ್ರಿಲ್ಲೋ ಪೈಪಿಗೆ ತಾಗಿದರೆ ಆ ಕ್ಷಣವೇ ನೀರು ಚಿಮ್ಮುತ್ತದೆ. ಯಾರಿಂದ ಆಯಿತು ಅನ್ನುವ ಜಗಳವೇ ಇರುವುದಿಲ್ಲ. ಟೈಲ್ಸ್ ಮುಗಿದು ನಲ್ಲಿ ಹಾಕುವ ಮೊದಲು ಇನ್ನೊಂದು ಸಲ 10 ಕೆಜಿ ಕೊಟ್ಟು ನೋಡಿ, ಆಮೇಲೆ ಆ ನೀರನ್ನು ಪೂರ್ತಿ ಖಾಲಿ ಮಾಡಿ.

## ತೊಳೆಯುವುದು

ನಲ್ಲಿ ಬಿಟ್ರೆ ನೀರು ಚೆನ್ನಾಗೇ ಬರ್ತಿದೆ. ಬೇರೆ ತೊಳೆಯೋದು ಯಾಕೆ?

ಪೈಪ್ ಕತ್ತರಿಸಿದ ಪುಡಿ, ಸಿಮೆಂಟ್ ಮರಳು, ಟೆಫ್ಲಾನ್ ಟೇಪಿನ ಚೂರು, ಜಾಯಿಂಟಿನ ಒಳಗೆ ಉಳಿದ ಸಲ್ಯೂಷನ್, ಇವೆಲ್ಲ ಒಳಗಿವೆ. ನಿಧಾನಕ್ಕೆ ಹರಿಯುವ ನೀರು ಇವುಗಳ ಮೇಲೆ ಹರಿದು ಹೋಗುತ್ತದೆ, ಕೊಚ್ಚಿಕೊಂಡು ಹೋಗುವುದಿಲ್ಲ. ಆಮೇಲೆ ಒಂದು ದಿನ ಷವರಿನ ಡೈವರ್ಟರ್ ವಾಲ್ವ್ ಒಳಗೆ ಮರಳಿನ ಕಾಳು ಸಿಕ್ಕಿಕೊಂಡು ಬಿಸಿನೀರು ತಣ್ಣೀರು ಬೆರೆಯುತ್ತದೆ. ಫ್ಲಷ್ ಟ್ಯಾಂಕಿನ ವಾಲ್ವ್ ಮುಚ್ಚದೆ ರಾತ್ರಿಯೆಲ್ಲ ನೀರು ಹರಿಯುತ್ತದೆ. ಕಂಪನಿಯವರು ಬಂದು "ನೀರಿನಲ್ಲಿ ಕಸ ಇದೆ, ವಾರಂಟಿ ಇಲ್ಲ" ಅಂದು ಹೋಗುತ್ತಾರೆ. ಕೊಳಕು ಇದ್ದಲ್ಲಿ ಕ್ಲೋರಿನ್ ಕೂಡ ಅದರ ಮೇಲೇ ಖರ್ಚಾಗಿಹೋಗುತ್ತದೆ.

ಎಷ್ಟು ಜೋರಾಗಿ, ಎಷ್ಟು ನೀರು ಬಿಡಬೇಕು?

ಕುಡಿಯುವ ನೀರಿನ ಪೈಪುಗಳಿಗಿರುವ ಯುರೋಪಿನ ಮಾನದಂಡ ಇಎನ್ 806 ಒಂದು ಒಳ್ಳೆ ಅಳತೆ ಕೊಡುತ್ತದೆ. ಪೈಪಿನೊಳಗೆ ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡಬೇಕು, ಪೈಪಿನೊಳಗಿನ ನೀರು 20 ಸಲ ಬದಲಾಗಬೇಕು.

ಇದನ್ನು ಬಕೆಟ್ ಲೆಕ್ಕಕ್ಕೆ ತರೋಣ. ಮುಕ್ಕಾಲು ಇಂಚು ಸಿಪಿವಿಸಿಯಲ್ಲಿ 2 ಮೀಟರ್ ವೇಗ ಅಂದರೆ 15 ಲೀಟರ್ ಬಕೆಟ್ ಅರ್ಧ ನಿಮಿಷದಲ್ಲಿ ತುಂಬಬೇಕು. ಒಂದು ಮೀಟರ್ ಮುಕ್ಕಾಲು ಇಂಚು ಪೈಪಿನಲ್ಲಿ ಹಿಡಿಯುವುದು ಕಾಲು ಲೀಟರ್‌ಗಿಂತ ಚೂರು ಜಾಸ್ತಿ ನೀರು. ಮೈಸೂರಿನ ಆ ಮನೆಯಲ್ಲಿ ಮುಕ್ಕಾಲು ಇಂಚಿನದು 60 ಮೀಟರ್, ಒಂದು ಇಂಚಿನದು 20, ಅರ್ಧ ಇಂಚಿನದು 25 ಮೀಟರ್ ಇತ್ತು. ಎಲ್ಲ ಸೇರಿ ಪೈಪಿನೊಳಗೆ ಇದ್ದದ್ದು ಬರೀ 27 ಲೀಟರ್. ಇಪ್ಪತ್ತು ಪಟ್ಟು ಅಂದರೆ 540 ಲೀಟರ್, ಅರ್ಧ ಟ್ಯಾಂಕ್.

ನೀರಿಗಿಂತ ವೇಗದ್ದೇ ಕಷ್ಟ. ತಾರಸಿ ಟ್ಯಾಂಕಿನಿಂದ ಮೇಲಿನ ಮಹಡಿಗೆ ಈ ವೇಗ ಬರುವುದಿಲ್ಲ. ಹಾಗಾಗಿ ಸಂಪಿನ ಮೋಟರಿನಿಂದ ಹೋಸ್ ತಂದು, ಟ್ಯಾಂಕಿನಿಂದ ಇಳಿಯುವ ಪೈಪಿನ ಬಾಯಿಗೆ ಕ್ಲಿಪ್ ಹಾಕಿ ನೇರ ಹಚ್ಚಿ, ಒಂದು ಸಲಕ್ಕೆ ಒಂದೇ ಪಾಯಿಂಟ್ ತೆಗೆಯುತ್ತೇವೆ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರೆ ವೇಗ ಹಂಚಿಹೋಗುತ್ತದೆ. ಮುಂದಿನ ಪಾಯಿಂಟ್ ತೆಗೆದ ಮೇಲೆಯೇ ಹಿಂದಿನದನ್ನು ಮುಚ್ಚಿ. ಎಲ್ಲವೂ ಮುಚ್ಚಿದ್ದಾಗ ಮೋಟರ್ ಓಡುತ್ತಿರಬಾರದು.

ನಲ್ಲಿಗಳನ್ನ ಹಾಕಿದ ಮೇಲೆ ತೊಳೀಬೇಕಾ, ಮೊದಲಾ?

ಮೊದಲು. ಪ್ಲಗ್ ಬಿಚ್ಚಿ, ಬರೀ ಬಾಯಿಯಿಂದಲೇ ನೀರು ಹೋಗಲಿ. ಬಕೆಟಿನ ಬಾಯಿಗೆ ಬಿಳಿ ಪಂಚೆ ಬಟ್ಟೆ ಕಟ್ಟಿ ಹಿಡಿಯಿರಿ. ಬಟ್ಟೆ ಮೇಲೆ ಏನೂ ನಿಲ್ಲದಷ್ಟು ಹೊತ್ತು ಬಿಡಿ. ನಲ್ಲಿ ಈಗಾಗಲೇ ಕೂರಿಸಿಬಿಟ್ಟಿದ್ದರೆ ತುದಿಯ ಜಾಲರಿ, ಷವರ್ ತಲೆ, ಹೆಲ್ತ್ ಫಾಸೆಟ್ ಬಿಚ್ಚಿಡಿ. ಗೀಸರಿಗೆ ಈ ನೀರು ಹೋಗಲೇಬಾರದು.

## ಕ್ಲೋರಿನ್

ಬ್ಲೀಚಿಂಗ್ ಪೌಡರ್ ಎಷ್ಟು ಹಾಕ್ಬೇಕು? ಹೇಗೆ ಹಾಕ್ಬೇಕು?

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಸರಳ: 1000 ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್. ಇದರಿಂದ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಪುಡಿಯಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇದೆ ಅನ್ನುವುದು ಈ ಲೆಕ್ಕದ ಒಳಗುಟ್ಟು. ಪುಡಿ ಹಳೆಯದಾದಷ್ಟೂ ಅದು ಕಮ್ಮಿಯಾಗುತ್ತದೆ. ಕಾಲು ಭಾಗ ಮಾತ್ರ ಉಳಿದಿದ್ದರೆ 200 ಗ್ರಾಂ ಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ತರಬೇಡಿ. ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ 5 ಪರ್ಸೆಂಟಿನದು ಸಿಕ್ಕರೆ 1000 ಲೀಟರಿಗೆ ಒಂದು ಲೀಟರ್, ಲೆಕ್ಕವೇ ಬೇಡ. ಆದರೆ ಸುವಾಸನೆ, ಸೋಪು ಬೆರೆಸಿದ ನೆಲ ಒರೆಸುವ ಸರಕು ಬೇಡ.

ಟ್ಯಾಂಕನ್ನು ಉಜ್ಜಿ ತೊಳೆದು ನೀರು ಬಿಡಲು ಶುರು ಮಾಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು ತಗೊಂಡು ಅದಕ್ಕೆ ಪುಡಿ ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಇನ್ನಷ್ಟು ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಟ್ಯಾಂಕ್ ತುಂಬುತ್ತಾ ಇರುವಾಗಲೇ ಸ್ವಲ್ಪ ಸ್ವಲ್ಪ ಸುರಿಯಿರಿ, ತಾನೇ ಬೆರೆಯುತ್ತದೆ.

ತುಂಬಿದ ಮೇಲೆ ಒಳಹರಿವು ನಿಲ್ಲಿಸಿ. ಟ್ಯಾಂಕಿಗೆ ಹತ್ತಿರದ ನಲ್ಲಿಯಿಂದ ಶುರು ಮಾಡಿ ದೂರದ್ದರ ಕಡೆಗೆ ಒಂದೊಂದೇ ಬಿಡುತ್ತಾ ಹೋಗಿ. ಕ್ಲೋರಿನ್ ವಾಸನೆ ಬಂದ ತಕ್ಷಣ ಮುಚ್ಚಿ. ಬಿಸಿನೀರು ನಲ್ಲಿ, ಫ್ಲಷ್ ಟ್ಯಾಂಕ್, ವಾಷಿಂಗ್ ಮಷೀನ್ ಪಾಯಿಂಟ್, ಹೊರಗಿನ ಗಾರ್ಡನ್ ನಲ್ಲಿ ಯಾವುದನ್ನೂ ಬಿಡಬೇಡಿ. ಗೀಸರ್ ಲೂಪ್ ಇನ್ನೂ ಇರಬೇಕು, ಇಲ್ಲದಿದ್ದರೆ ಬಿಸಿನೀರು ಪೈಪಿಗೆ ಕ್ಲೋರಿನ್ ಹೋಗುವುದೇ ಇಲ್ಲ. ಇಷ್ಟರಲ್ಲಿ ಟ್ಯಾಂಕ್ ಸುಮಾರು 100 ಲೀಟರ್ ಇಳಿದಿರುತ್ತದೆ. ಅಷ್ಟಕ್ಕೆ 15 ಗ್ರಾಂ ಪುಡಿ ಲೆಕ್ಕದಲ್ಲಿ ಮತ್ತೆ ತುಂಬಿಸಿ, ಮೂರು ಗಂಟೆ ಬಿಡಿ.

ಆ ಮೂರು ಗಂಟೆ ಅಡುಗೆಮನೆ ನಲ್ಲಿಗೆ "ಈ ನೀರು ಮುಟ್ಟಬೇಡಿ" ಅಂತ ಚೀಟಿ ಕಟ್ಟಿ. ಮನೆಯಲ್ಲಿ ಪೇಂಟರ್, ಕಾರ್ಪೆಂಟರ್ ಓಡಾಡುತ್ತಿರುತ್ತಾರೆ, ಬಾಟ್ಲಿ ತುಂಬಿಸಿಕೊಂಡು ಬಿಡುತ್ತಾರೆ.

ಮೂರು ಗಂಟೆ ಬದಲು ರಾತ್ರಿಯೆಲ್ಲ ಬಿಟ್ರೆ ಇನ್ನೂ ಒಳ್ಳೇದಲ್ವಾ?

ಅಲ್ಲ. ಹಿತ್ತಾಳೆ, ಸ್ಟೀಲ್, ಕ್ರೋಮ್ ಇವಕ್ಕೆಲ್ಲ ಇಷ್ಟು ಕ್ಲೋರಿನ್ ಒಳ್ಳೆಯದಲ್ಲ. ಮೂರು ಗಂಟೆ ಆದ ಮೇಲೆ ಖಾಲಿ ಮಾಡಿ.

ಕ್ಲೋರಿನ್ ಸಾಕಷ್ಟು ಉಳಿದಿದೆಯಾ ಅಂತ ನೋಡೋಕೆ ಕಿಟ್ ಹಾಕಿದ್ರೆ ಬಣ್ಣವೇ ಬರಲಿಲ್ಲ. ಪುಡಿ ಮೋಸಾನಾ?

ಬಹುಶಃ ಉಲ್ಟಾ. ಕುಡಿಯುವ ನೀರಿನ ಡಿಪಿಡಿ ಕಿಟ್ ಸ್ವಲ್ಪ ಕ್ಲೋರಿನ್ ಇದ್ದಾಗ ಗುಲಾಬಿ ಬಣ್ಣ ಕೊಡುತ್ತದೆ. ಕ್ಲೋರಿನ್ ತೀರಾ ಜಾಸ್ತಿ ಇದ್ದರೆ ಆ ಗುಲಾಬಿ ಬಣ್ಣವನ್ನೇ ಅದು ಅಳಿಸಿಹಾಕುತ್ತದೆ. ಬಣ್ಣ ಮಿಂಚಿ ಮಾಯವಾದರೆ ಅಥವಾ ಬರದೇ ಇದ್ದರೆ ಕ್ಲೋರಿನ್ ಇಲ್ಲ ಅಂತ ತೀರ್ಮಾನ ಮಾಡಬೇಡಿ. ನಲ್ಲಿಯ 20 ಮಿ.ಲೀ. ನೀರಿಗೆ ಆರ್‌ಒ ನೀರು ಸೇರಿಸಿ ಒಂದು ಲೀಟರ್ ಮಾಡಿ, ಅದನ್ನು ಕಿಟ್ಟಿಗೆ ಹಾಕಿ, ಬಂದ ಅಂಕಿಯನ್ನು 50ರಿಂದ ಗುಣಿಸಿ. 1 ಬಂದರೆ ಲೀಟರಿಗೆ 50 ಮಿಲಿಗ್ರಾಂ ಇದೆ.

ಮೊದಲಿಗೂ ಕೊನೆಗೂ ದೂರದ ನಲ್ಲಿಯಲ್ಲೇ ನೋಡಿ. ಮೊದಲಿಗೆ 50 ಇದ್ದದ್ದು ಕೊನೆಗೆ 30ಕ್ಕಿಂತ ಕೆಳಗೆ ಬಂದಿದ್ದರೆ ಒಳಗೆ ಇನ್ನೂ ಕೊಳಕು ಇದೆ. ಮತ್ತೆ ತೊಳೆದು, ಮತ್ತೆ ಕ್ಲೋರಿನ್ ಹಾಕಿ.

ಆ ನೀರನ್ನ ಎಲ್ಲಿಗೆ ಬಿಡೋದು? ಗಿಡಕ್ಕೆ ಹಾಕ್ಲಾ?

ಗಿಡ ಸುಟ್ಟುಹೋಗುತ್ತದೆ. ಸೆಪ್ಟಿಕ್ ಟ್ಯಾಂಕಿಗೂ ಬೇಡ, ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ. ಮಳೆನೀರು ಚರಂಡಿಗೆ ಬಿಟ್ಟರೆ ಅದು ಕೆರೆಗೆ ಹೋಗಿ ಮೀನು ಸಾಯಬಹುದು. ಸೋಡಿಯಂ ಥಯೋಸಲ್ಫೇಟ್, ಹಳೆ ಫೋಟೋ ಸ್ಟುಡಿಯೋಗಳ ಭಾಷೆಯಲ್ಲಿ ಹೈಪೋ, ಟ್ಯಾಂಕಿಗೆ ಸ್ವಲ್ಪ ಸ್ವಲ್ಪ ಹಾಕಿ ಕಲಕುತ್ತಾ, ಮೇಲೆ ಹೇಳಿದ ಹಾಗೆ ನೀರು ಬೆರೆಸಿಯೂ ಬೆರೆಸದೆಯೂ ಕಿಟ್ಟಿನಲ್ಲಿ ನೋಡಿ. ಎರಡರಲ್ಲೂ ಬಣ್ಣ ಬರದಿದ್ದರೆ ಬಿಡಬಹುದು. ಹೈಪೋ ಸಿಗದಿದ್ದರೆ ಡ್ರಮ್‌ಗಳಿಗೆ ತುಂಬಿಸಿ ಬಾಯಿ ತೆರೆದು ಕೆಲವು ದಿನ ಬಿಸಿಲಿಗಿಡಿ.

ಒಂದು ಎಚ್ಚರಿಕೆ. ಉಳಿದ ಪುಡಿಯನ್ನಾಗಲಿ ಆ ನೀರನ್ನಾಗಲಿ ಟಾಯ್ಲೆಟ್ ಆ್ಯಸಿಡ್ ಜತೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಟೈಲ್ಸ್ ತೊಳೆಯಲು ಆ್ಯಸಿಡ್ ಸುರಿಯುವವರು ಅದೇ ದಿನ ಬಾತ್‌ರೂಮಿನಲ್ಲಿ ಇರಬಾರದು.

## ಸ್ವಲ್ಪ ಆಳದ ಪ್ರಶ್ನೆಗಳು

ಕ್ಲೋರಿನ್ ನೀರು ಪೈಪಲ್ಲಿ ಬಿಡೋದು ಒಂದು ಕಡೆ 1 ಗಂಟೆ, ಇನ್ನೊಂದು ಕಡೆ 24 ಗಂಟೆ ಅಂತ ಇದೆ. ಯಾವುದು ಸರಿ?

ಎಲ್ಲವೂ ಸರಿ. ಬ್ರಿಟನ್ನಿನಲ್ಲಿ 50 ಮಿಲಿಗ್ರಾಂ ಒಂದು ಗಂಟೆ, ಕೊನೆಗೆ 30 ಉಳಿಯಬೇಕು. ನಮ್ಮಲ್ಲಿ 50 ಮಿಲಿಗ್ರಾಂ ಮೂರು ಗಂಟೆ. ಅಮೆರಿಕದ ಪ್ಲಂಬಿಂಗ್ ಕೋಡ್‌ಗಳಲ್ಲಿ 50 ಆದರೆ 24 ಗಂಟೆ, 200 ಆದರೆ ಮೂರು ಗಂಟೆ. ನಾನು ನಮ್ಮದನ್ನೇ ಹಿಡಿದು, ಬ್ರಿಟನ್ನಿನ 30ರ ಅಳತೆಯನ್ನೂ ಸೇರಿಸಿಕೊಳ್ಳುತ್ತೇನೆ. ಮೇಲಿನ ಉತ್ತರದ 30 ಬಂದದ್ದು ಅಲ್ಲಿಂದಲೇ. ಹೊತ್ತು ಕಳೆಯಿತು ಅನ್ನುವುದಕ್ಕಿಂತ ಕ್ಲೋರಿನ್ ಉಳಿಯಿತು ಅನ್ನುವುದು ಗಟ್ಟಿ ಸಾಕ್ಷಿ.

ಬೋರ್‌ವೆಲ್ ನೀರು. ಕ್ಲೋರಿನ್ ಹಾಕಿದ್ಮೇಲೆ ಚಹಾ ಬಣ್ಣ ಬಂತು. ಗಾಬರಿ ಆಯ್ತು.

ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿ ತುಕ್ಕಾಗಿ ಹೊರಬಂದಿದೆ. ಅಷ್ಟು ಕ್ಲೋರಿನ್ ಅದಕ್ಕೇ ಖರ್ಚಾಗಿದೆ ಅಂತಲೂ ಅರ್ಥ. ಕ್ಲೋರಿನ್ ಹಾಕುವ ದಿನ ಕಾವೇರಿ ನೀರೋ ಬೇರೆ ಒಳ್ಳೆ ನೀರೋ ತರಿಸಿ, ಒಂದು ಟ್ಯಾಂಕ್ ಸಾಕು.

ಹೊಸ ಸಂಪಿಗೂ ಇದೇ ಲೆಕ್ಕಾನಾ? 6000 ಲೀಟರ್ ವೇಸ್ಟ್ ಆಗುತ್ತಲ್ಲ?

ಸಂಪ್ ತುಂಬಿಸಬೇಕಾಗಿಲ್ಲ. ಹೊಸ ಸಿಮೆಂಟಿನಿಂದ ಸುಣ್ಣ ಬಿಟ್ಟುಕೊಂಡು ನೀರು ಕ್ಷಾರವಾಗುತ್ತದೆ. ಪಿಎಚ್ 8 ದಾಟಿದರೆ ಕ್ಲೋರಿನ್ ಕೀಟಾಣು ಕೊಲ್ಲುವ ಶಕ್ತಿ ಬಹಳ ಇಳಿಯುತ್ತದೆ. ಹಾಗಾಗಿ ಕ್ಯೂರಿಂಗ್ ನೀರನ್ನು ಎರಡು ಮೂರು ಸಲ ಬದಲಾಯಿಸಿ ಮೊದಲು ಸುಣ್ಣ ಹೋಗಿಸಿ. ಆಮೇಲೆ 15 ಲೀಟರ್ ಬಕೆಟಿಗೆ 10 ಗ್ರಾಂ ಪುಡಿ ಹಾಕಿ, ಗೋಡೆ ನೆಲ ಎಲ್ಲ ಒದ್ದೆ ಆಗುವಂತೆ ಬ್ರಷ್ಷಿನಲ್ಲಿ ಹಚ್ಚಿ, ಅರ್ಧ ಗಂಟೆ ಒದ್ದೆಯಾಗೇ ಇಟ್ಟು ತೊಳೆಯಿರಿ.

ಒಳಗೆ ಇಳಿಯುವವರು ಒಬ್ಬರೇ ಇರಬಾರದು. ಮುಚ್ಚಳ ಪೂರ್ತಿ ತೆಗೆದು, ಫ್ಯಾನ್ ಇಟ್ಟು, ಮೇಲೊಬ್ಬರು ನಿಂತಿರಬೇಕು. ಕಣ್ಣುರಿ, ಕೆಮ್ಮು ಬಂದರೆ ತಕ್ಷಣ ಮೇಲೆ ಬರಬೇಕು. ಉದ್ದ ಕೋಲಿಗೆ ಬ್ರಷ್ ಕಟ್ಟಿ ಮೇಲಿನಿಂದಲೇ ಆಗುವುದಾದರೆ ಇಳಿಯಲೇಬೇಡಿ.

ನೀರು ಕುಡಿಯೋಕೆ ಸರಿಯಾಗಿದೆ ಅಂತ ಗೊತ್ತಾಗೋದು ಹೇಗೆ?

ಮೊದಲು ವಾಸನೆ ಹೋಗುವ ತನಕ ಎಲ್ಲ ನಲ್ಲಿಯಿಂದ ಹೊಸ ನೀರು ಬಿಡಿ. ಆಮೇಲೆ ಸಾಧಾರಣ ಕಿಟ್ಟಿನಲ್ಲಿ ನೋಡಿದರೆ ನಿಮಗೆ ಬರುವ ನೀರಿನಲ್ಲಿ ಇದ್ದಷ್ಟೇ ಕ್ಲೋರಿನ್ ಇರಬೇಕು. ಲ್ಯಾಬಿಗೆ ಕೊಡುವುದಾದರೆ ಅವರದೇ ಬಾಟ್ಲಿ ತನ್ನಿ. ಅದರೊಳಗೆ ಒಂದಿಷ್ಟು ಥಯೋಸಲ್ಫೇಟ್ ಹಾಕಿರುತ್ತಾರೆ, ತೊಳೆದು ಚೆಲ್ಲಬೇಡಿ. ಅದಿಲ್ಲದಿದ್ದರೆ ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯಲ್ಲೇ ಬ್ಯಾಕ್ಟೀರಿಯಾ ಕೊಂದು ರಿಪೋರ್ಟ್ ಸುಳ್ಳಾಗಿ ಒಳ್ಳೆಯದು ಬರುತ್ತದೆ. ದೂರದ ನಲ್ಲಿಯಿಂದ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ.ನಲ್ಲಿ ಇ-ಕೋಲೈ ಕಾಣಲೇಬಾರದು.

ಪಂಚಾಯ್ತಿಗಳಲ್ಲಿ ಬಳಸುವ ಎಚ್‌ಟುಎಸ್ ಬಾಟ್ಲಿ ಸಿಕ್ಕರೆ ಅದೂ ಪರವಾಗಿಲ್ಲ. ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿಟ್ಟು, ಕಪ್ಪಾದರೆ ಕೆಟ್ಟ ನೀರು. ಕಪ್ಪಾಗಲಿಲ್ಲ ಅಂದ ಮಾತ್ರಕ್ಕೆ ಲ್ಯಾಬ್ ಬೇಡ ಅಂತಲ್ಲ.

ಇದನ್ನೆಲ್ಲ ಎಲ್ಲಿ ಬರೆದಿಡೋದು, ಏನೇನು ಬರೆಯೋದು?

ಒಂದೇ ಹಾಳೆ ಸಾಕು. ದೊಡ್ಡ ಕಂಪನಿಗಳು ಇದನ್ನೇ ಹತ್ತು ಪುಟದ ಮೆಥಡ್ ಸ್ಟೇಟ್‌ಮೆಂಟ್ ಮಾಡುತ್ತವೆ. ಆ ಮೈಸೂರಿನ ಮನೆಯ ಹಾಳೆಯಲ್ಲಿ ಎರಡು ಟೆಸ್ಟಿನ ತಾರೀಖು, ಹದಿನೈದು ನಿಮಿಷಕ್ಕೊಂದರಂತೆ ಗೇಜ್ ಅಂಕಿ, ಬದಲಾಯಿಸಿದ ಎಲ್ಬೋ ಯಾವ ಗೋಡೆಯಲ್ಲಿದೆ ಅನ್ನುವುದು, ಪುಡಿ 150 ಮತ್ತು 15 ಗ್ರಾಂ, ದೂರದ ನಲ್ಲಿಯಲ್ಲಿ ಮೊದಲು 50, ಮೂರು ಗಂಟೆ ನಂತರ 40, ಕೆಳಗೆ ಪ್ಲಂಬರ್ ಮತ್ತು ಮನೆಯವರ ಸಹಿ. ಇದರ ಜತೆಗೆ ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೀಟರ್ ಬೋರ್ಡ್ ಬಾಗಿಲ ಒಳಗೆ ಅಂಟಿಸಿದ್ದಾರೆ. ಆಮೇಲೆ ಟವೆಲ್ ಸ್ಟ್ಯಾಂಡ್ ಹಾಕಲು ಡ್ರಿಲ್ ತಂದವನು ಮೊದಲು ನೋಡಿದ್ದು ಆ ಫೋಟೋಗಳನ್ನೇ.